200 ಎಂಬಿಪಿಎಸ್ ಸಂಪರ್ಕದಲ್ಲಿ 22ರ ಗೋಡೆ: ಬಸವನಗುಡಿಯ ಒಂದು ಟಿಕೆಐಪಿ ಪ್ರಕರಣ

ಬಸವನಗುಡಿಯ ಒಂದು ಹಳೆಯ ಮನೆಯ ಕೆಳಮಹಡಿಯಲ್ಲಿ ಆಡಿಟರ್ ಒಬ್ಬರ ಕಚೇರಿಯಿದೆ, ಮೇಲ್ಮಹಡಿಯಲ್ಲಿ ಅವರ ಸಂಸಾರವಿದೆ. ಎರಡಕ್ಕೂ ಸೇರಿ ಒಂದೇ ಫೈಬರ್ ಸಂಪರ್ಕ, ಒಂದೇ ರೂಟರ್. ಕಚೇರಿಗಳ ಹಾಗೂ ಮನೆಗಳ ನೆಟ್‌ವರ್ಕ್ ಕೆಲಸ ಮಾಡಿಕೊಂಡಿರುವ ನನ್ನನ್ನು ಅವರು ಕರೆಸಿದ್ದು ಒಂದೇ ದೂರಿಗಾಗಿ: ತಿಂಗಳ ಬಾಡಿಗೆ ಕೊಡುತ್ತಿರುವುದು 200 ಎಂಬಿಪಿಎಸ್‌ಗೆ, ವೈಫೈನಲ್ಲಿ ಸಿಗುತ್ತಿರುವುದು 22. ಮೊದಲು 100ರ ಪ್ಲಾನ್ ಇದ್ದಾಗಲೂ 22 ಬರುತ್ತಿತ್ತು. ಸಾಲದು ಎಂದು ಸೇವೆಯ ಕಂಪನಿಯವರೇ ಸಲಹೆ ಕೊಟ್ಟು 200ಕ್ಕೆ ಏರಿಸಿದರು. ಏರಿಸಿದ ಮೇಲೂ ಅದೇ 22.

ನಾನು ಹೋಗುವ ಮುನ್ನ ಆಗಿದ್ದ ಚಿಕಿತ್ಸೆಗಳ ಪಟ್ಟಿ ಉದ್ದವಾಗಿಯೇ ಇತ್ತು. ಕಂಪನಿಯಿಂದ ಮೂರು ಸಲ ಹುಡುಗರು ಬಂದು ಹೋಗಿದ್ದರು. ಒಬ್ಬ ಫೈಬರಿನ ತುದಿಯ ಕನೆಕ್ಟರ್ ಬದಲಿಸಿದ, ಇನ್ನೊಬ್ಬ ರೂಟರಿನ ಚಾನೆಲ್ಲನ್ನು 6ರಿಂದ 11ಕ್ಕೆ ತಂದ, ಮೂರನೆಯವನು ಹಳೆಯ ಮನೆಯ ದಪ್ಪ ಗೋಡೆಗಳನ್ನು ತಟ್ಟಿ ನೋಡಿ, ಮೇಲ್ಮಹಡಿಗೆ ಇನ್ನೊಂದು ರೂಟರ್ ಬೇಕು ಎಂದು ಹೇಳಿ ಹೋದ. ಈ ಮೂರರಲ್ಲಿ ಯಾವುದೂ ಅಸಂಬದ್ಧವಲ್ಲ. ವೈಫೈ ನಿಧಾನವಾಗಲು ಇವೇ ಸಾಮಾನ್ಯ ಕಾರಣಗಳು. ಆದರೆ ದೂರಿನೊಳಗೇ ಅಡಗಿದ್ದ ಒಂದು ವಿವರವನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆಡಿಟರ ಸೊಸೆ ಮನೆಯಿಂದಲೇ ಕೆಲಸ ಮಾಡುವವರು, ಲೆಕ್ಕಾಚಾರದ ಮನುಷ್ಯರ ಮನೆಗೆ ಬಂದವರಿಗೆ ತಕ್ಕಂತೆ ದಿನವೂ ವೇಗ ಅಳೆದು ಬರೆದಿಟ್ಟಿದ್ದರು. ಅವರ ಕೊನೆಯ ಹದಿನೈದು ಅಳತೆಗಳೆಲ್ಲ 20ರಿಂದ 24ರ ನಡುವೆ ಇದ್ದವು, ಬೆಳಗಿನ ಜಾವ ಐದಕ್ಕೂ ರಾತ್ರಿ ಒಂಬತ್ತಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ನೆರೆಮನೆಗಳ ವೈಫೈ ಅಡ್ಡ ಬರುತ್ತಿದ್ದರೆ ಅಂಕಿಗಳು ಕುಣಿಯುತ್ತವೆ. ರಾತ್ರಿ ಕುಸಿದು ನಸುಕಿನಲ್ಲಿ ಏರುತ್ತವೆ. ಗೋಡೆಯ ದೋಷವಾದರೆ ರೂಟರಿನ ಪಕ್ಕದಲ್ಲಿ ಕುಳಿತಾಗ ವೇಗ ಸಿಗಬೇಕು. ಇಲ್ಲಿ ಅವೆರಡೂ ಇರಲಿಲ್ಲ. ಅದಕ್ಕಿಂತ ಮುಖ್ಯವಾದ ಮಾತನ್ನು ಸೊಸೆಯವರು ನಾನು ಕೇಳದೆಯೇ ಹೇಳಿದರು: "5ಜಿ ಹೆಸರಿನ ವೈಫೈಗೆ ಹಾಕಿದರೂ ಅಷ್ಟೇ ಬರುತ್ತೆ ಸಾರ್, ಅದಕ್ಕೇ ರೂಟರ್ರೇ ಸರಿ ಇಲ್ಲ ಅಂದ್ಕೊಂಡೆ." ರೂಟರ್ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ಪ್ರಸಾರ ಮಾಡುವಂಥದ್ದು. ಈ ಎರಡು ತರಂಗ ಪಟ್ಟಿಗಳ ಅಗಲ ಬೇರೆ, ಸಂದಣಿ ಬೇರೆ, ಗೋಡೆ ದಾಟುವ ಶಕ್ತಿ ಬೇರೆ. ಎರಡರಲ್ಲೂ ಒಂದೇ ಅಂಕಿ ಬರುತ್ತಿದೆ ಎಂದರೆ ತಡೆ ಗಾಳಿಯಲ್ಲಿಲ್ಲ, ಎರಡಕ್ಕೂ ಸಮಾನವಾದ ಯಾವುದೋ ನಿಯಮದಲ್ಲಿದೆ ಎಂದು ಅನುಮಾನಿಸಬೇಕು.

ಮೊದಲು ರೂಟರಿನ ಹಿಂಬದಿಯ ಲ್ಯಾನ್ ಕಿಂಡಿಗೆ ನನ್ನ ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ಜೋಡಿಸಿ ಅಳೆದೆ, 196 ಬಂತು. ಆದ್ದರಿಂದ ಫೈಬರ್, ಪ್ಲಾನ್, ಕಂಪನಿ ಮೂರೂ ನಿರಪರಾಧಿಗಳು. ಇಲ್ಲಿ ಒಂದು ಮಾತು: ಇದೇ ಪರೀಕ್ಷೆಯಲ್ಲಿ 94ರ ಆಸುಪಾಸು ಬಂದು ನಿಂತರೆ ಅದು ಬೇರೆಯೇ ಕಥೆ, ರೂಟರಿನ ಕಿಂಡಿ 100 ಎಂಬಿಪಿಎಸ್‌ನದ್ದು ಅಥವಾ ಕೇಬಲ್ಲಿನ ನಾಲ್ಕು ಜೋಡಿ ತಂತಿಗಳಲ್ಲಿ ಎರಡೇ ಕೆಲಸ ಮಾಡುತ್ತಿವೆ ಎಂದರ್ಥ. ಈ ಮನೆಯ ರೂಟರ್ ಗಿಗಾಬಿಟ್ ಕಿಂಡಿಗಳದ್ದಾಗಿದ್ದರಿಂದ ಆ ದಾರಿ ಹಿಡಿಯಬೇಕಾಗಲಿಲ್ಲ.

ಆಮೇಲೆ ಸೊಸೆಯವರ ಲ್ಯಾಪ್‌ಟಾಪನ್ನು ರೂಟರಿನಿಂದ ಎರಡು ಅಡಿ ದೂರದಲ್ಲಿಟ್ಟು, ವೇಗ ಅಳೆಯುವ ಜಾಲತಾಣವನ್ನು ಬದಿಗಿಟ್ಟು, ವಿಂಡೋಸ್ ತಾನೇ ಹೇಳುವ ಲಿಂಕ್ ವೇಗವನ್ನು ಕೇಳಿದೆ. ಲಿಂಕ್ ವೇಗವೆಂದರೆ ಇಂಟರ್‌ನೆಟ್ಟಿನ ವೇಗವಲ್ಲ. ಲ್ಯಾಪ್‌ಟಾಪೂ ರೂಟರೂ ಗಾಳಿಯಲ್ಲಿ ಪರಸ್ಪರ ಮಾತಾಡಲು ಒಪ್ಪಿಕೊಂಡಿರುವ ದರ. ಕಮಾಂಡ್ ಪ್ರಾಂಪ್ಟಿನಲ್ಲಿ ಕೊಟ್ಟ ಆಜ್ಞೆ ಇದು:

```
netsh wlan show interfaces
```

ಬಂದ ಉತ್ತರದಲ್ಲಿ ನಮಗೆ ಬೇಕಾದ ಸಾಲುಗಳು ಇಷ್ಟು:

```
Radio type             : 802.11g
Authentication         : WPA-Personal
Cipher                 : TKIP
Receive rate (Mbps)    : 54
Transmit rate (Mbps)   : 54
Signal                 : 98%
```

ಸಿಗ್ನಲ್ ನೂರಕ್ಕೆ 98, ದರ ಮಾತ್ರ 54. ಈ ಎರಡು ಸಾಲುಗಳು ಒಟ್ಟಿಗೆ ಕಂಡರೆ ರೋಗ ಅರ್ಧ ಪತ್ತೆಯಾದಂತೆ. ಹೊಸ ತಲೆಮಾರಿನ ವೈಫೈ ದರಗಳು 65, 144, 300, 866 ಎಂಬಂಥ ಅಂಕಿಗಳಲ್ಲಿ ಬರುತ್ತವೆ. 6, 9, 12, 18, 24, 36, 48, 54 ಎಂಬ ಎಂಟು ಅಂಕಿಗಳ ಸರಣಿ 802.11ಎ ಮತ್ತು 802.11ಜಿ ಎಂಬ ಹಳೆಯ ವೈಫೈ ಮಾನದಂಡಗಳ ಕಾಲದ್ದು. ಹತ್ತಿರ ಕುಳಿತಾಗ 54, ಅಡುಗೆಮನೆಗೆ ಹೋದಾಗ 36, ತಾರಸಿ ಮೆಟ್ಟಿಲಲ್ಲಿ 18 ಎಂದು ಈ ಸರಣಿಯ ಮೇಲೆಯೇ ದರ ಇಳಿಯುತ್ತ ಹೋದರೆ, ಉಪಕರಣ ಎಷ್ಟೇ ಹೊಸದಿರಲಿ, ಅದು ಹಳೆಯ ಭಾಷೆಯಲ್ಲಿ ಮಾತಾಡುತ್ತಿದೆ ಎಂದು ತಿಳಿಯಬೇಕು. 5 ಗಿಗಾಹರ್ಟ್ಸ್ ಹೆಸರಿಗೆ ಬದಲಿಸಿ ಅದೇ ಆಜ್ಞೆ ಕೊಟ್ಟಾಗ ಮೊದಲ ಸಾಲು `802.11a` ಎಂದಾಯಿತು, 54 ಹಾಗೆಯೇ ಉಳಿಯಿತು.

ಮೂರನೆಯ ಸಾಲಿನ `TKIP` ಈ ಎಲ್ಲದರ ಮೂಲ. ಅದು ಇಲ್ಲೇಕೆ ಬಂತು, ಬಂದರೆ ವೇಗವೇಕೆ ಸತ್ತಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಾಳಿಯಲ್ಲಿ ಹೋಗುವ ಮಾತನ್ನು ಗುಟ್ಟಾಗಿಡುವ ವೈಫೈನ ಮೊದಲ ಬೀಗವಾದ ವೆಪ್ 2001ರಲ್ಲಿ ಮುರಿದುಬಿತ್ತು. ಅಷ್ಟರಲ್ಲಿ ಜಗತ್ತಿನ ತುಂಬ ಲಕ್ಷಾಂತರ ಉಪಕರಣಗಳು ಆ ಬೀಗವನ್ನೇ ಚಿಪ್ಪಿನೊಳಗೆ ಕೊರೆಸಿಕೊಂಡು ಮಾರಾಟವಾಗಿದ್ದವು. ಅವನ್ನು ಎಸೆಯದೆ ಸಾಫ್ಟ್‌ವೇರಿನಿಂದಲೇ ರಿಪೇರಿ ಮಾಡಲೆಂದು, ಅದೇ ಚಿಪ್ಪಿನ ಆರ್‌ಸಿ4 ಎಂಬ ಗೂಢಲಿಪಿ ಯಂತ್ರವನ್ನು ಬಳಸಿಕೊಂಡೇ ಪ್ರತಿ ಪ್ಯಾಕೆಟ್ಟಿಗೂ ಬೇರೆ ಕೀಲಿ ಬರುವಂತೆ ಹೆಣೆದ ತೇಪೆಯೇ ಟಿಕೆಐಪಿ. 2003ರಲ್ಲಿ ಡಬ್ಲ್ಯೂಪಿಎ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ತೇಪೆ ಹಾಕಿದವರಿಗೂ ಅದು ತಾತ್ಕಾಲಿಕ ಎಂಬುದು ಗೊತ್ತಿತ್ತು. ಮರುವರ್ಷವೇ, 2004ರಲ್ಲಿ, ಎಇಎಸ್ ಆಧಾರಿತ ಬೀಗವುಳ್ಳ ಡಬ್ಲ್ಯೂಪಿಎ2 ಬಂತು. 2008ರಲ್ಲಿ ಟಿಕೆಐಪಿಯಲ್ಲಿಯೂ ಬಿರುಕು ಕಂಡಿತು.

ವೇಗದ ವಿಷಯ ಬರುವುದು ಇದರ ನಂತರ. 2009ರಲ್ಲಿ ಅಂತಿಮಗೊಂಡ 802.11ಎನ್ ಮಾನದಂಡ ಒಂದು ನಿಷ್ಠುರ ಷರತ್ತು ಹಾಕಿತು: ತನ್ನ ಹೊಸ ವೇಗಗಳನ್ನು ಬಳಸುವ ಸಂಪರ್ಕದಲ್ಲಿ ವೆಪ್ ಆಗಲಿ ಟಿಕೆಐಪಿ ಆಗಲಿ ಇರಕೂಡದು. ನಂತರ ಬಂದ 802.11ಎಸಿಯೂ ಅದನ್ನೇ ಮುಂದುವರಿಸಿತು. ಆದ್ದರಿಂದ ರೂಟರಿಗೆ ಟಿಕೆಐಪಿ ಎಂದು ಹೇಳಿಟ್ಟರೆ ಅದು ಕೆಡುವುದಿಲ್ಲ, ದೋಷವಿದೆ ಎಂಬ ಸಂದೇಶವನ್ನೂ ತೋರಿಸುವುದಿಲ್ಲ. ಮಾನದಂಡಕ್ಕೆ ವಿಧೇಯವಾಗಿ ತನ್ನ ಹೊಸ ವೇಗಗಳನ್ನೆಲ್ಲ ಮಡಚಿಟ್ಟು 54ಕ್ಕೆ ಇಳಿದು ಕೆಲಸ ಮಾಡುತ್ತದೆ. ಪೆಟ್ಟಿಗೆಯ ಮೇಲೆ 1200 ಎಂದು ಮುದ್ರಿಸಿದ್ದ ಈ ಮನೆಯ ರೂಟರ್ ಇಷ್ಟು ವರ್ಷ ಮಾಡುತ್ತಿದ್ದುದು ಅದನ್ನೇ. ಟಿಕೆಐಪಿಯ ಲೆಕ್ಕಾಚಾರ ಭಾರವಾದ್ದರಿಂದ ರೂಟರಿನ ಪ್ರೊಸೆಸರ್ ಸೋಲುತ್ತದೆ ಎಂಬ ವಿವರಣೆಯನ್ನು ನಮ್ಮ ವೃತ್ತಿಯವರೇ ಕೆಲವರು ಕೊಡುತ್ತಾರೆ. ಅದು ಸರಿಯಲ್ಲ, ಇಲ್ಲಿ ಸೋಲುವುದು ಯಾರೂ ಇಲ್ಲ, ಇರುವುದು ನಿಷೇಧ.

54 ಎಂದು ಒಪ್ಪಿಕೊಂಡರೂ ಕೈಗೆ 22 ಮಾತ್ರ ಸಿಕ್ಕಿದ್ದೇಕೆ ಎಂದು ಆಡಿಟರ್ ಕೇಳಿದರು. ಲೆಕ್ಕದವರಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು, ಆದ್ದರಿಂದ ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ. 1500 ಬೈಟಿನ ಒಂದು ಪ್ಯಾಕೆಟ್ಟನ್ನು 54ರ ದರದಲ್ಲಿ ಕಳಿಸಲು ತಲೆಬರಹಗಳೂ ಸೇರಿ ಸುಮಾರು 255 ಮೈಕ್ರೊಸೆಕೆಂಡು ಹಿಡಿಯುತ್ತದೆ. ಆದರೆ ಪ್ರತಿ ಪ್ಯಾಕೆಟ್ಟಿಗೂ ಮೊದಲು ಗಾಳಿ ಖಾಲಿಯಿದೆಯೇ ಎಂದು ಕಾಯಬೇಕು, ಡಿಕ್ಕಿ ತಪ್ಪಿಸಲು ಇನ್ನಷ್ಟು ಹೊತ್ತು ಅಂದಾಜಿಗೆ ಸುಮ್ಮನಿರಬೇಕು, ಕಳಿಸಿದ ಮೇಲೆ ತಲುಪಿತು ಎಂಬ ರಸೀದಿಗಾಗಿ ಮತ್ತೆ ಕಾಯಬೇಕು. ಇವೆಲ್ಲ ಸೇರಿ ಇನ್ನೂ 140 ಮೈಕ್ರೊಸೆಕೆಂಡು. ಒಟ್ಟು 395 ಮೈಕ್ರೊಸೆಕೆಂಡಿಗೆ 12,000 ಬಿಟ್ ಎಂದರೆ ಸೆಕೆಂಡಿಗೆ 30 ಮೆಗಾಬಿಟ್. ಡೌನ್‌ಲೋಡಿನಲ್ಲಿ ಲ್ಯಾಪ್‌ಟಾಪ್ ಹಿಂದಿರುಗಿಸುವ ಟಿಸಿಪಿ ಸ್ವೀಕೃತಿಗಳೂ ಇದೇ ಗಾಳಿಯಲ್ಲಿ, ಇದೇ ಸರದಿಯಲ್ಲಿ ನಿಂತು ಹೋಗಬೇಕಾದ್ದರಿಂದ ಕೊನೆಗೆ ಉಳಿಯುವುದು 20ರಿಂದ 25. ಸೊಸೆಯವರು ಬರೆದಿಟ್ಟ ಹದಿನೈದು ಅಳತೆಗಳೂ ಈ ಕಿಂಡಿಯೊಳಗೇ ಬೀಳುತ್ತವೆ ಎಂಬುದನ್ನು ಆಡಿಟರ್ ತಾವೇ ಬೆರಳಿಟ್ಟು ಗುರುತಿಸಿದರು.

802.11ಎನ್ ಹಾಗೂ ಅದರ ನಂತರದವು ಈ ಪೋಲನ್ನು ತಪ್ಪಿಸುವುದು ಹತ್ತಾರು ಪ್ಯಾಕೆಟ್ಟುಗಳನ್ನು ಒಂದೇ ಕಟ್ಟಾಗಿ ಕಟ್ಟಿ, ಒಂದೇ ಸರದಿಯಲ್ಲಿ ಕಳಿಸಿ, ಇಡೀ ಕಟ್ಟಿಗೆ ಒಂದೇ ರಸೀದಿ ಪಡೆಯುವುದರ ಮೂಲಕ. ಟಿಕೆಐಪಿಯಿದ್ದಾಗ ಆ ಕಟ್ಟುವ ಸೌಲಭ್ಯವೂ ಹೊಸ ದರಗಳ ಜೊತೆಗೇ ಹೋಗುತ್ತದೆ. ನಷ್ಟ ಎರಡು ಪಟ್ಟಾಗುವುದು ಹೀಗೆ: ದರವೂ ಕಡಿಮೆ, ಆ ಕಡಿಮೆ ದರದಲ್ಲಿ ಅರ್ಧಕ್ಕಿಂತ ಹೆಚ್ಚು ಸರದಿಯ ಖರ್ಚಿಗೇ ಹೋಗುತ್ತದೆ.

ಇನ್ನು ಟಿಕೆಐಪಿ ಈ ರೂಟರಿಗೆ ಹೇಗೆ ಬಂತು ಎಂಬ ಪ್ರಶ್ನೆ. ರೂಟರಿನ ಆಡಳಿತ ಪುಟ ತೆರೆದಾಗ ಎರಡೂ ಪಟ್ಟಿಗಳ ಭದ್ರತಾ ಪುಟದಲ್ಲಿ `Version` ಎದುರು `WPA-PSK`, `Encryption` ಎದುರು `TKIP` ಎಂದಿತ್ತು. ಕಾರ್ಖಾನೆಯಿಂದ ಹೀಗೆ ಬರುವುದಿಲ್ಲ, ಯಾರೋ ಕೈಯಾರೆ ಹಾಕಿರಬೇಕು. ವಿಚಾರಿಸಿದಾಗ ಕಚೇರಿಯ ಹಿರಿಯ ಸಹಾಯಕರು ನೆನಪಿಸಿಕೊಂಡರು. 2017ರಲ್ಲಿ ಹಳೆಯ 802.11ಜಿ ರೂಟರ್ ಸುಟ್ಟುಹೋಗಿ ಇದನ್ನು ತಂದಾಗ, ಕಚೇರಿಯ ಹಳೆಯ ಲೇಸರ್ ಪ್ರಿಂಟರ್ ಹೊಸ ವೈಫೈಗೆ ಸೇರಲೇ ಇಲ್ಲವಂತೆ. ರಿಟರ್ನ್ ಸಲ್ಲಿಸುವ ಕೊನೆಯ ವಾರ ಬೇರೆ. ಹಾಕಲು ಬಂದಿದ್ದವನು ಹಳೆಯ ರೂಟರಿನ ಹೆಸರು, ಪಾಸ್‌ವರ್ಡ್, ಭದ್ರತೆ ಮೂರನ್ನೂ ಹಾಗೆಯೇ ಹೊಸದಕ್ಕೆ ನಕಲಿಸಿದ. ಪ್ರಿಂಟರ್ ತಕ್ಷಣ ಸೇರಿಕೊಂಡಿತು, ಕಚೇರಿಯ ಕಂಪ್ಯೂಟರುಗಳನ್ನು ಒಂದೊಂದಾಗಿ ಮುಟ್ಟುವ ಕೆಲಸವೂ ತಪ್ಪಿತು. ಆ ಪ್ರಿಂಟರಿನ ವೈಫೈ ಭದ್ರತೆಯಲ್ಲಿ ವೆಪ್ ಮತ್ತು ಡಬ್ಲ್ಯೂಪಿಎ ಟಿಕೆಐಪಿ ಬಿಟ್ಟರೆ ಬೇರೆ ಆಯ್ಕೆಯೇ ಇಲ್ಲ.

ಅವನನ್ನು ನಾನು ದೂರುವುದಿಲ್ಲ. ಆಗ ಮನೆಯ ಪ್ಲಾನ್ 20 ಎಂಬಿಪಿಎಸ್‌ನದ್ದು. 22ರ ಚಾವಣಿಯ ಕೆಳಗೆ 20 ಆರಾಮವಾಗಿ ನಿಲ್ಲುತ್ತದೆ, ತಲೆ ತಾಗುವುದಿಲ್ಲ. ಪ್ಲಾನ್ 100ಕ್ಕೆ ಏರಿದ ದಿನ ಚಾವಣಿ ತಲೆಗೆ ಬಡಿಯಿತು. ಅಷ್ಟರಲ್ಲಿ ರೂಟರಿನ ಹೊಂದಾಣಿಕೆ ಯಾರ ನೆನಪಿನಲ್ಲೂ ಇರಲಿಲ್ಲ, ಬದಲಾಗಿದ್ದುದು ಪ್ಲಾನ್ ಮಾತ್ರವಾದ್ದರಿಂದ ಬೈಗುಳವೆಲ್ಲ ಕಂಪನಿಗೆ ಹೋಯಿತು. ವಾಸ್ತವವಾಗಿ ಮನೆಯಲ್ಲಿ ಒಂದು ಎಚ್ಚರಿಕೆ ದಿನವೂ ಕಣ್ಣಿಗೆ ಬೀಳುತ್ತಿತ್ತು. ಮೊಮ್ಮಗಳ ಐಫೋನಿನಲ್ಲಿ ವೈಫೈ ಹೆಸರಿನ ಕೆಳಗೆ `Weak Security` ಎಂದು ಬರುತ್ತಿತ್ತು. ಪಾಸ್‌ವರ್ಡ್ ಸುಲಭವಾಗಿರುವುದಕ್ಕೆ ಹಾಗೆ ಹೇಳುತ್ತಿದೆ ಎಂದುಕೊಂಡು ಅವರು ಪಾಸ್‌ವರ್ಡನ್ನು ಎರಡು ಸಲ ಉದ್ದ ಮಾಡಿದ್ದರು. ಆ ಎಚ್ಚರಿಕೆಗೂ ಪಾಸ್‌ವರ್ಡಿನ ಉದ್ದಕ್ಕೂ ಸಂಬಂಧವಿಲ್ಲ. ಅದು ಬೀಗದ ಜಾತಿಯ ಬಗ್ಗೆ ಹೇಳುತ್ತಿದೆ, ಕೀಲಿಯ ಬಗ್ಗೆಯಲ್ಲ.

ರಿಪೇರಿ ಎರಡು ಹಂತದಲ್ಲಿ ಆಯಿತು, ಮೊದಲ ಹಂತ ನನ್ನದೇ ಅರೆಮನಸ್ಸಿನದು. ಪ್ರಿಂಟರ್ ನಿಲ್ಲಬಾರದು ಎಂದು ಆಡಿಟರ್ ಪಟ್ಟು ಹಿಡಿದಿದ್ದರಿಂದ ನಾನು ಎರಡೂ ಪಟ್ಟಿಗಳಲ್ಲಿ `WPA/WPA2` ಮಿಶ್ರ ಕ್ರಮವನ್ನೂ `TKIP+AES` ಆಯ್ಕೆಯನ್ನೂ ಇಟ್ಟೆ. ಈ ಕ್ರಮದಲ್ಲಿ ಪ್ರತಿ ಉಪಕರಣವೂ ತನ್ನ ಶಕ್ತಿಗೆ ತಕ್ಕ ಬೀಗವನ್ನು ಆರಿಸಿಕೊಳ್ಳಬಹುದು. ಎಇಎಸ್ ಆರಿಸಿಕೊಂಡವು ಪೂರ್ತಿ ವೇಗಕ್ಕೆ ಹೋಗುತ್ತವೆ, ಟಿಕೆಐಪಿ ಆರಿಸಿಕೊಂಡವು 54ರಲ್ಲಿ ಉಳಿಯುತ್ತವೆ. ಫೋನುಗಳು ಮರುಕ್ಷಣವೇ ಜಿಗಿದವು, ಸೊಸೆಯವರ ಆಂಡ್ರಾಯ್ಡ್ ಫೋನು 5 ಗಿಗಾಹರ್ಟ್ಸ್‌ನಲ್ಲಿ 180 ದಾಟಿತು. ಲ್ಯಾಪ್‌ಟಾಪ್ ಮಾತ್ರ 22ರಲ್ಲೇ ಕುಳಿತಿತ್ತು. ರೂಟರನ್ನು ಮತ್ತೆ ಆನ್ ಮಾಡಿದೆ, ಲ್ಯಾಪ್‌ಟಾಪಿನ ಡ್ರೈವರ್ ನೋಡಿದೆ, ಏನೂ ತೋಚಲಿಲ್ಲ. ಹತ್ತು ನಿಮಿಷದ ಮೇಲೆ ಹೊಳೆಯಿತು: ವಿಂಡೋಸ್ ಒಮ್ಮೆ ಸೇರಿದ ವೈಫೈನ ಹೆಸರು, ಪಾಸ್‌ವರ್ಡಿನ ಜೊತೆಗೆ ಬೀಗದ ಜಾತಿಯನ್ನೂ ಪ್ರೊಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮಿಶ್ರ ಕ್ರಮದಲ್ಲಿ ರೂಟರ್ ಇನ್ನೂ ಟಿಕೆಐಪಿಯನ್ನು ಕೊಡುತ್ತಲೇ ಇದ್ದುದರಿಂದ ಲ್ಯಾಪ್‌ಟಾಪ್ ತನ್ನ ಹಳೆಯ ಟಿಪ್ಪಣಿಯ ಪ್ರಕಾರ ಅದನ್ನೇ ಕೇಳಿ ಪಡೆಯುತ್ತಿತ್ತು. ಇಲ್ಲಿ ವೈಫೈನ ಹೆಸರು ಆಫೀಸ್ ಎಂದಿತ್ತು:

```
netsh wlan show profile name="Office"
netsh wlan delete profile name="Office"
```

ಮೊದಲ ಆಜ್ಞೆಯ ಉತ್ತರದಲ್ಲಿ `Cipher : TKIP` ಕಂಡಿತು. ಎರಡನೆಯದರಿಂದ ಆ ಪ್ರೊಫೈಲನ್ನೂ, ಅದೇ ರೀತಿ 5 ಗಿಗಾಹರ್ಟ್ಸ್ ಹೆಸರಿನ ಪ್ರೊಫೈಲನ್ನೂ ಅಳಿಸಿ, ಪಾಸ್‌ವರ್ಡ್ ಹೊಸದಾಗಿ ಕೊಟ್ಟು ಸೇರಿಸಿದಾಗ `Cipher` ಎದುರು `CCMP` ಬಂತು. ರೂಟರ್ ಎಇಎಸ್ ಎಂದು ಕರೆಯುವ ಬೀಗದ ಹೆಸರೇ ಅದು. 5 ಗಿಗಾಹರ್ಟ್ಸ್‌ನಲ್ಲಿ ಲಿಂಕ್ ದರ 866 ಆಯಿತು, ಡೌನ್‌ಲೋಡ್ 194. ಇಂಟರ್‌ನೆಟ್ ಈಗ ಪ್ಲಾನಿನ ಮಿತಿಯಲ್ಲಿ ನಿಲ್ಲುತ್ತಿತ್ತು, ವೈಫೈನ ಮಿತಿಯಲ್ಲಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಲಿಂಕ್ ದರ 144, ಕೈಗೆ ಸಿಕ್ಕಿದ್ದು 75ರ ಸುಮಾರು. ಬಸವನಗುಡಿಯ ಆ ಬೀದಿಯಲ್ಲಿ ನನ್ನ ಫೋನಿಗೆ ಕಂಡ ವೈಫೈ ಹೆಸರುಗಳೇ ಇಪ್ಪತ್ತೇಳು, ಆದ್ದರಿಂದ ಆ ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚನ್ನು ನಾನು ನಿರೀಕ್ಷಿಸಿರಲಿಲ್ಲ.

ಇಲ್ಲಿಗೆ ಬಿಡಬಹುದಿತ್ತು. ಆದರೆ ಮಿಶ್ರ ಕ್ರಮ ನನಗೆ ಒಪ್ಪಿಗೆಯಾಗುವುದಿಲ್ಲ. ಒಂದು ವೈಫೈನಲ್ಲಿ ಎಲ್ಲರಿಗೂ ಒಮ್ಮೆಗೇ ಹೋಗುವ ಸಾರ್ವಜನಿಕ ಪ್ರಸಾರಕ್ಕೆ ಒಂದೇ ಸಾಮೂಹಿಕ ಕೀಲಿ ಇರುತ್ತದೆ. ಅದನ್ನು ಅತ್ಯಂತ ಹಳೆಯ ಸದಸ್ಯನೂ ಅರ್ಥ ಮಾಡಿಕೊಳ್ಳಬೇಕಾದ್ದರಿಂದ ಆ ಕೀಲಿ ಟಿಕೆಐಪಿಯದ್ದೇ ಆಗಿ ಉಳಿಯುತ್ತದೆ. ಜೊತೆಗೆ, ಗಾಳಿಯಲ್ಲಿ ಸರದಿ ಹಂಚಿಕೆಯಾಗುವುದು ಪ್ಯಾಕೆಟ್ಟಿನ ಲೆಕ್ಕದಲ್ಲೇ ಹೊರತು ಸಮಯದ ಲೆಕ್ಕದಲ್ಲಲ್ಲ. 54ರಲ್ಲಿ ಮಾತಾಡುವ ಒಂದು ಉಪಕರಣ ತನ್ನ ಸರದಿಯಲ್ಲಿ ಹೆಚ್ಚು ಹೊತ್ತು ಗಾಳಿಯನ್ನು ಹಿಡಿದಿಟ್ಟು, ವೇಗದವರನ್ನೂ ಕಾಯಿಸುತ್ತದೆ. ಒಂದು ಪ್ರಿಂಟರಿಗೋಸ್ಕರ ಇಡೀ ಮನೆ ಇದನ್ನು ಹೊರಬೇಕಾಗಿಲ್ಲ.

ಪ್ರಿಂಟರಿನ ಹಿಂಬದಿಗೆ ಟಾರ್ಚ್ ಹಿಡಿದು ನೋಡಿದಾಗ, ಧೂಳು ಕಟ್ಟಿದ ರಬ್ಬರ್ ಮುಚ್ಚಳದ ಕೆಳಗೆ ಒಂದು ಲ್ಯಾನ್ ಕಿಂಡಿ ಸಿಕ್ಕಿತು. ಪ್ರಿಂಟರಿದ್ದ ಕಪಾಟಿನಿಂದ ರೂಟರಿಗೆ ಹನ್ನೆರಡು ಅಡಿ. ಎಸ್‌ಪಿ ರಸ್ತೆಯಿಂದ ತಂದು ನನ್ನ ಚೀಲದಲ್ಲಿಟ್ಟುಕೊಂಡಿದ್ದ ಐದು ಮೀಟರಿನ ಕೇಬಲ್ ಸಾಕಾಯಿತು. ಪ್ರಿಂಟರಿನ ವೈಫೈ ಆರಿಸಿ, ಕೇಬಲ್ಲಿನಲ್ಲಿ ಬಂದ ಅದರ ಹೊಸ ಐಪಿ ವಿಳಾಸವನ್ನು ರೂಟರಿನಲ್ಲಿ ಕಾಯ್ದಿರಿಸಿ, ಕಂಪ್ಯೂಟರುಗಳ ಪ್ರಿಂಟರ್ ಪೋರ್ಟಿನಲ್ಲಿ ಅದೇ ವಿಳಾಸ ಬರೆದೆ. ಕಿಂಡಿಯೇ ಇಲ್ಲದ ಉಪಕರಣವಾಗಿದ್ದರೆ ಅತಿಥಿ ವೈಫೈಗೆ ಬೇರೆ ಭದ್ರತೆ ಇಡಬಲ್ಲ ರೂಟರುಗಳಲ್ಲಿ ಅದನ್ನು ಅಲ್ಲಿಗೆ ತಳ್ಳಬಹುದಿತ್ತು. ಆಗಲೂ ಅತಿಥಿ ವೈಫೈನಲ್ಲಿರುವ ಪ್ರಿಂಟರನ್ನು ಮುಖ್ಯ ವೈಫೈನ ಕಂಪ್ಯೂಟರುಗಳು ತಲುಪಲು ಹೆಚ್ಚಿನ ರೂಟರುಗಳು ಬಿಡುವುದಿಲ್ಲ ಎಂಬ ತೊಡಕು ಉಳಿಯುತ್ತಿತ್ತು.

ಕೊನೆಗೆ ಎರಡೂ ಪಟ್ಟಿಗಳಲ್ಲಿ `Version` ಅನ್ನು `WPA2-PSK`ಗೂ `Encryption` ಅನ್ನು `AES`ಗೂ ಇಟ್ಟೆ. ಎರಡನ್ನೂ ನೋಡಬೇಕು, ಒಂದನ್ನೇ ನೋಡಿದರೆ ಸಾಲದು: ಡಬ್ಲ್ಯೂಪಿಎ2 ಎಂದಿಟ್ಟು ಪಕ್ಕದ ಪೆಟ್ಟಿಗೆಯಲ್ಲಿ ಟಿಕೆಐಪಿ ಉಳಿಸಲು ಹಲವು ಹಳೆಯ ರೂಟರುಗಳು ಬಿಡುತ್ತವೆ, ಆಗಲೂ ವೇಗ 54ರಲ್ಲೇ ಸಿಕ್ಕಿಬೀಳುತ್ತದೆ. ಮೊಮ್ಮಗಳ ಫೋನಿನಿಂದ `Weak Security` ಮಾಯವಾಯಿತು.

ಮೂರು ದಿನ ಬಿಟ್ಟು ಕಚೇರಿಯ ಸಹಾಯಕರಿಂದ ಫೋನು ಬಂತು. ರಜೆ ಮುಗಿಸಿ ಬಂದಿದ್ದ ಕಿರಿಯ ಗುಮಾಸ್ತರ ಹಳೆಯ ಲ್ಯಾಪ್‌ಟಾಪ್ ವೈಫೈಗೆ ಸೇರುತ್ತಿಲ್ಲ, ಪಾಸ್‌ವರ್ಡ್ ಸರಿಯಿದ್ದರೂ ಕೈಕೊಡುತ್ತಿದೆ ಎಂದರು. "ನೀವು ಬಂದು ಹೋದ್ಮೇಲೆ ಹೀಗಾಗಿದೆ ನೋಡಿ ಸಾರ್" ಎಂಬ ಮಾತೂ ಸೇರಿತ್ತು, ಅದು ನಿಜವೂ ಹೌದು. ಅವರ ಲ್ಯಾಪ್‌ಟಾಪ್ ಟಿಕೆಐಪಿಯ ಹಳೆಯ ಪ್ರೊಫೈಲನ್ನು ಹಿಡಿದುಕೊಂಡು ಬಂದಿತ್ತು, ರೂಟರ್ ಈಗ ಅದನ್ನು ಕೊಡುತ್ತಿರಲಿಲ್ಲ. ಫೋನಿನಲ್ಲೇ ಆ ಅಳಿಸುವ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದೆ. ಪಾಸ್‌ವರ್ಡ್ ಕೊಟ್ಟ ಮೇಲೆ ಸೇರಿಕೊಂಡಿತು, ಲಿಂಕ್ ದರ 144 ತೋರಿಸುತ್ತಿದೆ ಎಂದು ಅವರೇ ಓದಿ ಹೇಳಿದರು.